ಹಳೇ ಲಿಸ್ಟ್‌ಗೆ ಒಂದೇ ಸಂಜೆ 22,000 ಮೇಲ್ ಕಳಿಸಿ ಕೈಸುಟ್ಟುಕೊಂಡೆ

ಒಂದು ತರಬೇತಿ ಸಂಸ್ಥೆಯ ಮೇಲ್ ಕೆಲಸ ನನ್ನದು. ವಾರಕ್ಕೊಮ್ಮೆ 400 ಜನರಿಗೆ ತರಗತಿಯ ವೇಳಾಪಟ್ಟಿ ಹೋಗುತ್ತದೆ. ನಡುನಡುವೆ ಪಾಸ್‌ವರ್ಡ್ ಮೇಲ್, ರಸೀದಿ, ಅಷ್ಟೇ. ಎರಡು ವರ್ಷ ಒಂದು ದೂರೂ ಬಂದಿರಲಿಲ್ಲ. ಆಮೇಲೆ ಹೊಸ ಕೋರ್ಸ್ ಶುರುವಾಗುವ ಹೊತ್ತಿಗೆ, ನಾಲ್ಕು ವರ್ಷಗಳಲ್ಲಿ ಯಾವಾಗಲೋ ಹೆಸರು ಬರೆಸಿದ್ದ 22,000 ಜನರ ಲಿಸ್ಟ್ ಕೈಗೆ ಸಿಕ್ಕಿತು. ಕೊಂಡಿದ್ದಲ್ಲ, ಕದ್ದಿದ್ದಲ್ಲ, ಎಲ್ಲರೂ ತಾವಾಗಿಯೇ ವಿಳಾಸ ಕೊಟ್ಟವರು. ಇನ್ನೇನು ಭಯ ಅಂತ ಒಂದು ಗುರುವಾರ ಸಂಜೆ ಆರಕ್ಕೆ ಎಲ್ಲರಿಗೂ ಒಟ್ಟಿಗೆ ಕಳಿಸಿಬಿಟ್ಟೆ.

ರಾತ್ರಿ ರಿಪೋರ್ಟ್ ನೋಡಿದರೆ 91% ಡೆಲಿವರ್ಡ್. ಖುಷಿಯಾಗಿ ಮಲಗಿದೆ. ಡೆಲಿವರ್ಡ್ ಅಂದರೆ ಆ ಕಡೆಯ ಸರ್ವರ್ ಮೇಲನ್ನು ತೆಗೆದುಕೊಂಡಿತು ಅಂತ ಮಾತ್ರ ಅರ್ಥ, ಅದನ್ನು ಇನ್‌ಬಾಕ್ಸ್‌ಗೆ ಹಾಕಿತೋ ಸ್ಪ್ಯಾಮ್‌ಗೆ ಹಾಕಿತೋ ಆ ಅಂಕಿ ಹೇಳುವುದೇ ಇಲ್ಲ ಅನ್ನೋದು ಆಗ ನನಗೆ ಗೊತ್ತಿರಲಿಲ್ಲ.

ಮರುದಿನದಿಂದ ಫೋನ್ ಶುರು. ಕೋರ್ಸ್ ಬಗ್ಗೆ ಕೇಳೋಕೆ ಅಲ್ಲ. ದುಡ್ಡು ಕಟ್ಟಿ ಸೇರಿದ್ದ ವಿದ್ಯಾರ್ಥಿಗಳು, "ಪಾಸ್‌ವರ್ಡ್ ಮೇಲ್ ಬಂದೇ ಇಲ್ಲ ಸರ್" ಅಂತ. ಸ್ಪ್ಯಾಮ್ ಫೋಲ್ಡರ್ ನೋಡಿ ಅಂದೆ. ಅಲ್ಲಿತ್ತು! ಜಾಹೀರಾತು ಸ್ಪ್ಯಾಮ್‌ಗೆ ಹೋದರೆ ಹೋಗಲಿ, ಪಾಸ್‌ವರ್ಡ್ ಮೇಲ್ ಯಾಕೆ ಹೋಗಬೇಕು? ಯಾಕೆಂದರೆ ಎರಡೂ ಒಂದೇ ಡೊಮೇನ್‌ನಿಂದ ಹೋಗುತ್ತಿದ್ದವು, ಕೆಟ್ಟಿದ್ದು ಆ ಡೊಮೇನಿನ ಹೆಸರು.

ಇದು ತಲೆಗೆ ಹೋಗುವ ಮೊದಲು ಎರಡು ದಿನ ದಂಡವಾಯಿತು. ಎಲ್ಲರ ಹಾಗೆ ನಾನೂ ಪದಗಳ ಮೇಲೆ ಅನುಮಾನ ಪಟ್ಟೆ. "ಉಚಿತ" ತೆಗೆದೆ, ಆಶ್ಚರ್ಯ ಚಿಹ್ನೆ ತೆಗೆದೆ, ಶೀರ್ಷಿಕೆಯನ್ನು ನಾಲ್ಕು ಸಲ ತಿದ್ದಿದೆ. ನನ್ನದೇ ವಿಳಾಸಕ್ಕೆ ಕಳಿಸಿ ನೋಡಿದೆ, ಪ್ರತಿ ಸಲವೂ ಇನ್‌ಬಾಕ್ಸ್‌ಗೇ ಬಂತು. ಬರದೇ ಏನು? ಆ ಕಳುಹಿಸುವವರ ಮೇಲನ್ನು ಎರಡು ವರ್ಷದಿಂದ ತೆರೆದು, ಉತ್ತರ ಬರೆದು ಮಾಡುತ್ತಿರುವವನು ನಾನೇ, ನನ್ನ ಇನ್‌ಬಾಕ್ಸ್ ಅದನ್ನು ನಂಬದೆ ಇರುತ್ತದಾ. ಸ್ವಂತ ವಿಳಾಸದಲ್ಲಿ ಪರೀಕ್ಷೆ ಮಾಡುವುದು ಸುಮ್ನೆ.

ಹಾಗಂತ ಮೇಲ್ ಒಳಗೆ ಏನಿದೆ ಅನ್ನೋದು ಲೆಕ್ಕಕ್ಕೇ ಇಲ್ಲ ಅಂತಲ್ಲ. ನನ್ನ ಮೇಲ್‌ನಲ್ಲಿ ಒಂದೇ ದೊಡ್ಡ ಚಿತ್ರವಿತ್ತು, ಪಠ್ಯ ಒಂದು ಸಾಲು, ಜೊತೆಗೆ ಚಿಕ್ಕದಾಗಿಸಿದ ಲಿಂಕ್. ಅಂಥ ಲಿಂಕ್ ಸೇವೆಯನ್ನು ಮೋಸಗಾರರೂ ಬಳಸುತ್ತಾರೆ, ಅವರ ಕೆಟ್ಟ ಹೆಸರು ನಮಗೂ ಮೆತ್ತಿಕೊಳ್ಳುತ್ತದೆ. ಅದನ್ನು ತೆಗೆದು ನಮ್ಮ ಡೊಮೇನಿನ ಲಿಂಕ್ ಹಾಕಿದೆ, ಒಳ್ಳೆಯದೇ ಆಯಿತು. ಆದರೆ ಸ್ಪ್ಯಾಮ್‌ಗೆ ಹೋಗುವುದು ನಿಲ್ಲಲಿಲ್ಲ.

ಆಮೇಲೆ ತಾಂತ್ರಿಕ ಕಡೆ ನೋಡಿದೆ. ಜಿಮೇಲ್‌ನಲ್ಲಿ ಮೇಲ್ ತೆರೆದು Show original ಒತ್ತಿದರೆ ಇದು ಕಾಣುತ್ತದೆ:

```
spf=pass
dkim=pass
dmarc=pass
```

ಮೂರೂ ಪಾಸ್. ಮತ್ತೆ ಏನು ತಪ್ಪು? ಈ ಮೂರು ಹೇಳುವುದು ಈ ಮೇಲ್ ನಿಜಕ್ಕೂ ನಿಮ್ಮದೇ ಅಂತ, ನೀವು ಒಳ್ಳೆಯವರು ಅಂತಲ್ಲ. ಗುರುತಿನ ಚೀಟಿ ಇದ್ದವರನ್ನೆಲ್ಲ ಮನೆ ಒಳಗೆ ಕರೆಯುತ್ತೇವಾ? ನಿಜ ಹೇಳಬೇಕೆಂದರೆ ಪಾಸ್ ಆಗಿದ್ದರಿಂದಲೇ ಆ ಸಂಜೆಯ ಕೆಟ್ಟ ನಡತೆಯೆಲ್ಲ ನಮ್ಮ ಡೊಮೇನಿನ ಖಾತೆಗೆ ಸರಿಯಾಗಿ ಜಮೆಯಾಯಿತು.

ಆ ಸಂಜೆ ಏನಾಯಿತು ಅಂತ ಲಾಗ್ ತೆಗೆದು ನಿಧಾನಕ್ಕೆ ಓದಿದಾಗ ಗೊತ್ತಾಗಿದ್ದು ಇದು. ವಾರಕ್ಕೆ 400 ಕಳಿಸುವ ಡೊಮೇನ್ ಒಂದು ಗಂಟೆಯಲ್ಲಿ 22,000 ಕಳಿಸಿದರೆ, ಆ ಕಡೆಯವರಿಗೆ ಅದು ಯಾರೋ ಖಾತೆ ಹ್ಯಾಕ್ ಮಾಡಿದ ಹಾಗೇ ಕಾಣುತ್ತದೆ. ಮೊದಲ ಇಪ್ಪತ್ತು ನಿಮಿಷ ಎಲ್ಲ ಒಳಗೆ ಹೋದವು. ನಂತರ ಲಾಗ್‌ನಲ್ಲಿ `421 4.7.28` ಸಾಲುಸಾಲಾಗಿ ಬಂತು. 421 ಅಂದರೆ ಈಗ ಬೇಡ, ಆಮೇಲೆ ಬಾ. ಅದು ಎಚ್ಚರಿಕೆ. ಆಗಲೇ ನಿಲ್ಲಿಸಬೇಕಿತ್ತು, ಆದರೆ ಕಳಿಸುವ ತಂತ್ರಾಂಶ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತಾ ಹೋಯಿತು, ನಾನು ಆ ಲಾಗ್ ಕಡೆ ತಲೆಯೇ ಹಾಕಿರಲಿಲ್ಲ.

ಹಳೇ ಲಿಸ್ಟ್ ಆದ್ದರಿಂದ ಇನ್ನೂ ಎರಡು ಪೆಟ್ಟು. ಸುಮಾರು 1,900 ವಿಳಾಸಗಳು ಈಗ ಇಲ್ಲವೇ ಇಲ್ಲ, `550 5.1.1` ಅಂತ ವಾಪಸ್ ಬಂದವು. ಇಲ್ಲದ ವಿಳಾಸಗಳಿಗೆ ರಾಶಿ ರಾಶಿ ಕಳಿಸುವುದು ಸ್ಪ್ಯಾಮ್ ಮಾಡುವವರ ಚಾಳಿ. ಎರಡನೆಯದು ಜನರೇ ಕೊಟ್ಟ ಪೆಟ್ಟು. ಮೂರು ವರ್ಷದ ಹಿಂದೆ ಹೆಸರು ಬರೆಸಿದ್ದು ಯಾರಿಗೆ ನೆನಪಿರುತ್ತದೆ? "ಇವರ್ಯಾರು" ಅಂತ ಸ್ಪ್ಯಾಮ್ ಒತ್ತಿದರು. ನಮ್ಮ ಅನ್‌ಸಬ್‌ಸ್ಕ್ರೈಬ್ ಲಿಂಕ್ ಅಡಿಯಲ್ಲೆಲ್ಲೋ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿತ್ತು, ಸ್ಪ್ಯಾಮ್ ಗುಂಡಿ ಕಣ್ಣೆದುರಿಗೇ ಇರುತ್ತದೆ.

ಎಷ್ಟು ಜನ ಒತ್ತಿದರೆ ಕೆಡುತ್ತದೆ ಗೊತ್ತಾ? 2024ರ ಫೆಬ್ರವರಿಯಿಂದ ಜಿಮೇಲ್ ಜಾರಿಗೆ ತಂದ ನಿಯಮದ ಪ್ರಕಾರ ಸ್ಪ್ಯಾಮ್ ದೂರಿನ ಪ್ರಮಾಣ 0.3% ಮುಟ್ಟಬಾರದು, 0.1%ಗಿಂತ ಕೆಳಗಿದ್ದರೆ ಒಳ್ಳೆಯದು. 9,000 ಇನ್‌ಬಾಕ್ಸ್‌ಗೆ ಹೋಯಿತು ಅಂದರೆ 0.3% ಎಂದರೆ 27 ಜನ! ನಮ್ಮದು ಆ ದಿನ 1.1% ಇತ್ತು. ಇದನ್ನು ನೋಡಿದ್ದು ಗೂಗಲ್‌ನ Postmaster Tools ಪುಟದಲ್ಲಿ. ಡೊಮೇನ್ ನೋಂದಾಯಿಸಿ ಮರೆತಿದ್ದೆ, ಯಾವತ್ತೂ ತೆರೆದು ನೋಡಿರಲಿಲ್ಲ.

ಅಲ್ಲಿ ಇನ್ನೊಂದು ಸಲ ಮೋಸ ಹೋದೆ. ಶನಿವಾರ, ವಾಪಸ್ ಬಂದ ವಿಳಾಸಗಳನ್ನು ಬಿಟ್ಟು ಉಳಿದವರಿಗೆಲ್ಲ ಮತ್ತೆ ಕಳಿಸಿದೆ (ಹೌದು, ಬುದ್ಧಿ ಬಂದಿರಲಿಲ್ಲ). ಆ ದಿನದ ದೂರು 0%. ಸರಿಹೋಯಿತು ಅಂದುಕೊಂಡೆ. ಆದರೆ ಆ ಲೆಕ್ಕ ಇನ್‌ಬಾಕ್ಸ್‌ಗೆ ಹೋದ ಮೇಲ್‌ಗಳ ಮೇಲೆ ನಿಂತಿದೆ. ಎಲ್ಲವೂ ನೇರ ಸ್ಪ್ಯಾಮ್ ಫೋಲ್ಡರ್‌ಗೆ ಬಿದ್ದರೆ ಸ್ಪ್ಯಾಮ್ ಅಂತ ಒತ್ತೋಕೆ ಯಾರ ಕಣ್ಣಿಗೂ ಬೀಳುವುದೇ ಇಲ್ಲ, ಸೊನ್ನೆ ಬರದೆ ಇನ್ನೇನು ಬರುತ್ತದೆ. ದೂರೂ ಇಲ್ಲ, ಕ್ಲಿಕ್ಕೂ ಇಲ್ಲ ಅಂದರೆ ಅನುಮಾನ ಪಡಿ. ಓಪನ್ ಅಂಕಿಯನ್ನು ನಂಬಬೇಡಿ, ಆಪಲ್ ಮೇಲ್‌ನಂಥವು ಓದುಗರು ತೆರೆಯದಿದ್ದರೂ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತವೆ. ಕ್ಲಿಕ್ ನೋಡಿ.

ಹೊಸ ಡೊಮೇನ್ ಕೊಂಡುಬಿಡೋಣ ಅಂತ ಒಬ್ಬರು ಸಲಹೆ ಕೊಟ್ಟರು. ಬೇಡ. ಹೊಸದಕ್ಕೆ ಒಳ್ಳೆಯ ಹೆಸರೂ ಇರುವುದಿಲ್ಲ, ಮೊದಲ ದಿನವೇ ಸಾವಿರಗಟ್ಟಲೆ ಕಳಿಸಿದರೆ ಅದೇ ಕಥೆ. ಕಳಿಸುವ ಸೇವೆ ಬದಲಾಯಿಸಿದರೂ ಡೊಮೇನಿನ ಹೆಸರು ಹಿಂದೆಯೇ ಬರುತ್ತದೆ.

ನಾನು ಮಾಡಿದ್ದು: ಪ್ರಚಾರದ ಮೇಲ್ ಪೂರ್ತಿ ನಿಲ್ಲಿಸಿದೆ. ಪಾಸ್‌ವರ್ಡ್ ಮತ್ತು ರಸೀದಿಗೆ ಒಂದು ಸಬ್‌ಡೊಮೇನ್, ಪ್ರಚಾರಕ್ಕೆ ಇನ್ನೊಂದು ಮಾಡಿದೆ. ಇದರಿಂದ ಪೂರ್ತಿ ರಕ್ಷಣೆ ಸಿಗುವುದಿಲ್ಲ, ಮೂಲ ಡೊಮೇನಿಗೂ ಸ್ವಲ್ಪ ತಾಗುತ್ತದೆ, ಆದರೂ ವಾಸಿ. ಒಂದೇ ಒತ್ತಿನಲ್ಲಿ ಲಿಸ್ಟ್‌ನಿಂದ ಹೊರಹೋಗಲು ಈ ಎರಡು ಹೆಡರ್ ಸೇರಿಸಿದೆ, ಗುಂಡಿ ಮೇಲ್‌ನ ಮೇಲ್ಭಾಗದಲ್ಲೇ ಕಾಣುತ್ತದೆ:

```
List-Unsubscribe: <https://example.com/u/123>
List-Unsubscribe-Post: List-Unsubscribe=One-Click
```

ಎರಡು ವಾರ ಬಿಟ್ಟು, ಕಳೆದ ಮೂರು ತಿಂಗಳಲ್ಲಿ ಕ್ಲಿಕ್ ಮಾಡಿದ್ದ 200 ಜನರಿಗೆ ಮಾತ್ರ ಕಳಿಸಿದೆ. ಎರಡು ಮೂರು ದಿನಕ್ಕೊಮ್ಮೆ ಸಂಖ್ಯೆ ಹೆಚ್ಚಿಸುತ್ತಾ ಹೋದೆ: 400, 800, 1,500. ಒಮ್ಮೆ 421 ಕಂಡಿತು, ಅವತ್ತೇ ನಿಲ್ಲಿಸಿ ಹಿಂದಿನ ಸಂಖ್ಯೆಗೆ ಇಳಿದೆ. ಒಟ್ಟು ಏಳು ವಾರ ಹಿಡಿಯಿತು, ಈಗ ಪಾಸ್‌ವರ್ಡ್ ಮೇಲ್ ಇನ್‌ಬಾಕ್ಸ್‌ಗೆ ಬರುತ್ತಿದೆ. ಲಿಸ್ಟ್‌ನಲ್ಲಿ ಉಳಿದಿರುವುದು 5,800 ಜನ. ಮಿಕ್ಕ ಸುಮಾರು 16,000 ಅಳಿಸಿದ್ದಕ್ಕೆ ಆಫೀಸಿನಲ್ಲಿ ಇನ್ನೂ ಮುಖ ದಪ್ಪ ಮಾಡಿಕೊಂಡಿದ್ದಾರೆ.