ಸ್ವಂತ ವೆಬ್ ಅಂಗಡಿಯೋ, ಮಾರ್ಕೆಟ್‌ಪ್ಲೇಸೋ: 26 ತಿಂಗಳು ಎರಡನ್ನೂ ಬಳಸಿದ ಮೇಲಿನ ಲೆಕ್ಕ

ಕೈಹೊಲಿಗೆಯ ನೋಟ್‌ಬುಕ್‌ಗಳನ್ನು ನಾನು ಆನ್‌ಲೈನಿನಲ್ಲಿ ಮಾರಲು ತೊಡಗಿ 26 ತಿಂಗಳಾಯಿತು. ಮೊದಲ ಎಂಟು ತಿಂಗಳು ಒಂದು ದೊಡ್ಡ ಮಾರ್ಕೆಟ್‌ಪ್ಲೇಸಿನಲ್ಲಿ ಮಾತ್ರ ಲಿಸ್ಟಿಂಗ್ ಇತ್ತು. ಒಂಬತ್ತನೆಯ ತಿಂಗಳು ವರ್ಡ್‌ಪ್ರೆಸ್ ಮತ್ತು ವೂಕಾಮರ್ಸ್ ಬಳಸಿ ಸ್ವಂತ ಅಂಗಡಿ ತೆರೆದೆ, ಅಲ್ಲಿಂದ ಇಂದಿನವರೆಗೆ ಎರಡೂ ನಡೆಯುತ್ತಿವೆ. ನನ್ನಲ್ಲಿ ಇರುವುದು ಎರಡೇ ಬಗೆಯ ಸರಕು: ವರ್ಷಗಟ್ಟಲೆ ಬಾಳುವ ಹೊದಿಕೆ, ಮತ್ತು ಅದರೊಳಗೆ ಕೂರಿಸುವ, ಬರೆದು ಮುಗಿದ ಮೇಲೆ ಮತ್ತೆ ಕೊಳ್ಳಬೇಕಾದ ರೀಫಿಲ್ ಪುಸ್ತಕಗಳು. ರೀಫಿಲ್‌ಗಳನ್ನು ಮೂರರ ಕಟ್ಟಾಗಿ ಮಾರುತ್ತೇನೆ, ಆ ಕಟ್ಟಿನ ಬೆಲೆ ಹೊದಿಕೆಯ ಬೆಲೆಗೆ ಹೆಚ್ಚುಕಡಿಮೆ ಸಮ. ಸರಕಿನ ಈ ವಿವರವನ್ನು ಮೊದಲೇ ಹೇಳಲು ಕಾರಣವಿದೆ. ಯಾವ ದಾರಿ ಅಗ್ಗ ಎಂಬ ಪ್ರಶ್ನೆಗೆ ಕಮಿಷನ್ ದರಕ್ಕಿಂತ ಹೆಚ್ಚಾಗಿ, ಕೊಂಡವರು ಮತ್ತೆ ಬಂದು ಕೊಳ್ಳುತ್ತಾರೆಯೇ ಎಂಬುದೇ ಉತ್ತರ ಕೊಡುತ್ತದೆ ಎಂಬುದು ನನಗೆ ತಿಳಿದದ್ದು ತೀರ ತಡವಾಗಿ.

ಸ್ವಂತ ಅಂಗಡಿ ತೆರೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಸರಳವಾದ ಹೋಲಿಕೆ: ಮಾರ್ಕೆಟ್‌ಪ್ಲೇಸ್ ಶೇ 15 ಕಮಿಷನ್ ಹಿಡಿಯುತ್ತದೆ, ಪೇಮೆಂಟ್ ಗೇಟ್‌ವೇ ಶೇ 2.5 ಹಿಡಿಯುತ್ತದೆ, ನಡುವಿನ ಶೇ 12.5 ನನ್ನ ಜೇಬಿಗೆ. ಈ ಹೋಲಿಕೆ ಎರಡೂ ಕಡೆ ತಪ್ಪಾಗಿತ್ತು. ಒಂದು ಸರಕಿನ ಬೆಲೆ 100 ಎಂದೂ, ಗ್ರಾಹಕರು ಕೊಡುವ ಸಾಗಣೆ ಶುಲ್ಕ 20 ಎಂದೂ ಇಟ್ಟುಕೊಳ್ಳಿ. ನಾನು ಬಳಸುವ ಮಾರ್ಕೆಟ್‌ಪ್ಲೇಸ್ ಕಮಿಷನ್ನನ್ನು ಸರಕಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆಯನ್ನೂ ಸೇರಿಸಿದ 120ರ ಮೇಲೆ ಲೆಕ್ಕ ಹಾಕುತ್ತದೆ. ಹಾಗಾಗಿ ಹೋಗುವುದು 15 ಅಲ್ಲ, 18. ಹುಡುಕಾಟದ ಮೊದಲ ಪುಟದಲ್ಲಿ ಕಾಣಿಸಿಕೊಳ್ಳಲು ಅದರೊಳಗೇ ಕೊಡುವ ಜಾಹೀರಾತಿನ ಖರ್ಚನ್ನು ಎಲ್ಲ ಆರ್ಡರುಗಳಿಗೂ ಹಂಚಿದರೆ ತಲಾ 6 ಬರುತ್ತದೆ. ಒಟ್ಟು 24. ಹೊಸಬರು ದರಪಟ್ಟಿಯ ಮೊದಲ ಸಾಲನ್ನು ಓದಿ ಬಿಡುತ್ತಾರೆ. ಕಮಿಷನ್ ಯಾವ ಮೊತ್ತದ ಮೇಲೆ ಎಂಬುದು ಸಾಮಾನ್ಯವಾಗಿ ಕೆಳಗೆಲ್ಲೋ ಇರುತ್ತದೆ.

ಇನ್ನು ಸ್ವಂತ ಅಂಗಡಿಯ ಕಡೆ. ಗೇಟ್‌ವೇಗೆ 120ರ ಮೇಲೆ ಶೇ 2.5, ಅಂದರೆ 3. ಆದರೆ ಗ್ರಾಹಕರು ತಾವಾಗಿ ಬರುವುದಿಲ್ಲ, ಜಾಹೀರಾತು ಕೊಟ್ಟು ಕರೆತರಬೇಕು. ನನ್ನ ಜಾಹೀರಾತಿನ ಒಂದು ಕ್ಲಿಕ್‌ಗೆ ಸರಾಸರಿ 0.5 ಬೀಳುತ್ತದೆ, ಬಂದ 100 ಜನರಲ್ಲಿ ಇಬ್ಬರು ಕೊಳ್ಳುತ್ತಾರೆ. ಒಂದು ಆರ್ಡರಿಗೆ 50 ಕ್ಲಿಕ್ ಬೇಕಾಯಿತು, ಅಂದರೆ 25. ಗೇಟ್‌ವೇಯನ್ನೂ ಕೂಡಿಸಿದರೆ 28. ಇದರ ಮೇಲೆ ಹೋಸ್ಟಿಂಗ್, ಡೊಮೇನ್, ಹಣ ಕೊಟ್ಟು ಕೊಂಡ ಎರಡು ಪ್ಲಗಿನ್ ಮತ್ತು ಇಮೇಲ್ ಸೇವೆಗೆ ತಿಂಗಳಿಗೆ 150ರಷ್ಟು, ಎಂದರೆ ಒಂದೂವರೆ ಸರಕಿನ ಬೆಲೆ, ಮಾರಾಟ ಆಗಲಿ ಬಿಡಲಿ ಹೋಗುತ್ತದೆ. ತಿಂಗಳಿಗೆ 30 ಆರ್ಡರ್ ಇದ್ದರೆ ತಲಾ 5 ಸೇರಿ ಒಟ್ಟು 33. ಮಾರ್ಕೆಟ್‌ಪ್ಲೇಸಿನ 24ಕ್ಕಿಂತ ಇದು ದುಬಾರಿ. ಸ್ವಂತ ಅಂಗಡಿಯಲ್ಲಿ ಕಮಿಷನ್ ಇಲ್ಲ ಎನ್ನುವವರು ಅದೇ ಹಣವನ್ನು ಜಾಹೀರಾತು ಕಂಪನಿಗೆ ಕೊಡುತ್ತಿರುತ್ತಾರೆ, ಅಷ್ಟೆ.

ಲೆಕ್ಕ ತಿರುಗುವುದು ಎರಡನೆಯ ಸಲದ ಖರೀದಿಯಲ್ಲಿ. ಒಮ್ಮೆ ಕೊಂಡವರಿಗೆ ಇಮೇಲ್ ಕಳುಹಿಸಿ ಮತ್ತೆ ಕರೆದರೆ ಜಾಹೀರಾತಿನ 25 ಉಳಿಯುತ್ತದೆ, ತಗಲುವುದು 3 ಮತ್ತು ಆ ಸ್ಥಿರ ಖರ್ಚಿನ ಪಾಲು 5, ಒಟ್ಟು 8. ಮಾರ್ಕೆಟ್‌ಪ್ಲೇಸಿನಲ್ಲಿ ಅದೇ ವ್ಯಕ್ತಿ ಹತ್ತನೆಯ ಸಲ ಕೊಂಡರೂ ಕಮಿಷನ್ನಿನ 18 ಹೋಗಿಯೇ ಹೋಗುತ್ತದೆ. ಹಾಗಾದರೆ ತಿಂಗಳ 30 ಆರ್ಡರುಗಳಲ್ಲಿ ಎಷ್ಟು ಮರುಖರೀದಿಯಾದರೆ ಎರಡೂ ಸಮವಾಗುತ್ತವೆ? 33ರಿಂದ 24ಕ್ಕೆ ಇಳಿಯಬೇಕಾದದ್ದು 9. ಪ್ರತಿ ಮರುಖರೀದಿ ಉಳಿಸುವುದು 25. ಅಂದರೆ ಶೇ 36. ನೂರರಲ್ಲಿ 36ಕ್ಕಿಂತ ಹೆಚ್ಚು ಆರ್ಡರುಗಳು ಹಳೆಯ ಗ್ರಾಹಕರಿಂದ ಬಂದರೆ ಸ್ವಂತ ಅಂಗಡಿ ಅಗ್ಗ, ಅದಕ್ಕಿಂತ ಕಡಿಮೆಯಾದರೆ ಮಾರ್ಕೆಟ್‌ಪ್ಲೇಸ್ ಅಗ್ಗ. ಆದರೆ ಆರ್ಡರುಗಳು ತಿಂಗಳಿಗೆ 10 ಮಾತ್ರ ಇದ್ದರೆ ಸ್ಥಿರ ಖರ್ಚಿನ ಪಾಲು 5ರ ಬದಲು 15 ಆಗುತ್ತದೆ, ಸಮವಾಗಲು ಶೇ 76 ಮರುಖರೀದಿ ಬೇಕಾಗುತ್ತದೆ. ಹೊಸ ಮಾರಾಟಗಾರರಿಗೆ ಅದು ಆಗದ ಮಾತು. ನಾನು ಈ ಲೆಕ್ಕವನ್ನು ಅಂಗಡಿ ತೆರೆಯುವ ಮೊದಲೇ ಹಾಕಿದ್ದರೆ ಇನ್ನಷ್ಟು ತಿಂಗಳು ಕಾಯುತ್ತಿದ್ದೆ.

ಕಾಯದೆ ಇದ್ದದ್ದರ ಫಲ ಹೀಗಿತ್ತು: ಮೊದಲ ಮೂರು ತಿಂಗಳಲ್ಲಿ ಸ್ವಂತ ಅಂಗಡಿಗೆ ಬಂದದ್ದು ನಾಲ್ಕು ಆರ್ಡರ್. ಆ ಮೂರು ತಿಂಗಳ ಸ್ಥಿರ ಖರ್ಚು 450. ಒಂದೊಂದು ಆರ್ಡರಿಗೂ 112ಕ್ಕಿಂತ ಹೆಚ್ಚು, ಅಂದರೆ ಸರಕಿನ ಬೆಲೆಯನ್ನೇ ಮೀರಿತು. ಭೇಟಿಗಳ ಸಂಖ್ಯೆ ನೋಡಿದರೆ ಮಾತ್ರ ಹಾಗೆ ಅನ್ನಿಸುತ್ತಿರಲಿಲ್ಲ. ಮೊದಲ ತಿಂಗಳು 140 ಭೇಟಿ ಎಂದು ತೋರಿಸಿದಾಗ ಖುಷಿಪಟ್ಟೆ. ಆಮೇಲೆ ಬಿಡಿಸಿ ನೋಡಿದರೆ ಅದರಲ್ಲಿ ದೊಡ್ಡ ಪಾಲು ನಾನೇ ಫೋನಿನಿಂದ ಅಂಗಡಿ ಹೇಗೆ ಕಾಣುತ್ತದೆ ಎಂದು ನೋಡಿದ್ದು, ಉಳಿದದ್ದರಲ್ಲಿ ಹೆಚ್ಚಿನವು ಬಂದ ಕ್ಷಣವೇ ಹೋದ ಬಾಟ್‌ಗಳು. ಅಂಗಡಿ ತೆರೆದ ದಿನವೇ ತಮ್ಮ ಸ್ವಂತ ಭೇಟಿಗಳನ್ನು ಎಣಿಕೆಯಿಂದ ಹೊರಗಿಡುವಂತೆ ಅನಾಲಿಟಿಕ್ಸ್ ಹೊಂದಿಸಿಕೊಳ್ಳದಿದ್ದರೆ, ಇಲ್ಲದ ಗ್ರಾಹಕರನ್ನು ನಂಬಿ ಸರಕು ತಯಾರಿಸುವ ಅಪಾಯವಿದೆ.

ಹುಡುಕಾಟದಿಂದ ಜನ ಬರಲು ಇನ್ನೊಂದು ಅಡ್ಡಿ ನಾನೇ ಹಾಕಿಕೊಂಡದ್ದು. ಮಾರ್ಕೆಟ್‌ಪ್ಲೇಸಿನ ಲಿಸ್ಟಿಂಗ್‌ಗೆ ಬರೆದ ವಿವರಣೆಯನ್ನೇ ಅಕ್ಷರಶಃ ನನ್ನ ಅಂಗಡಿಯ ಪುಟಕ್ಕೂ ಅಂಟಿಸಿದ್ದೆ. ಒಂದೇ ಪಠ್ಯ ಎರಡು ಕಡೆ ಕಂಡಾಗ ಹುಡುಕಾಟ ಯಂತ್ರ ಸಾಮಾನ್ಯವಾಗಿ ಒಂದನ್ನು ಮಾತ್ರ ತೋರಿಸುತ್ತದೆ, ಮತ್ತು ಹಳೆಯದಾದ, ಬೇರೆಡೆಯಿಂದ ಸಾವಿರಾರು ಲಿಂಕ್‌ಗಳಿರುವ ಮಾರ್ಕೆಟ್‌ಪ್ಲೇಸಿನ ಎದುರು ನಿನ್ನೆ ಹುಟ್ಟಿದ ಅಂಗಡಿ ನಿಲ್ಲುವುದಿಲ್ಲ. ನನ್ನ ಸರಕಿನ ಪೂರ್ತಿ ಹೆಸರನ್ನು ಹುಡುಕಿದರೂ ಮೇಲೆ ಬರುತ್ತಿದ್ದದ್ದು ಮಾರ್ಕೆಟ್‌ಪ್ಲೇಸಿನ ಪುಟವೇ. ಹೊಲಿಗೆಯ ವಿಧಾನ, ಕಾಗದದ ದಪ್ಪ, ಯಾವ ಶಾಯಿ ಹಿಂಬದಿಗೆ ಇಳಿಯುತ್ತದೆ ಎಂಬುದನ್ನೆಲ್ಲ ಬೇರೆಯಾಗಿ, ದೀರ್ಘವಾಗಿ ಬರೆದ ಮೇಲೆ ನಾಲ್ಕೈದು ತಿಂಗಳಿಗೆ ನನ್ನ ಪುಟವೂ ಕಾಣಿಸತೊಡಗಿತು. ಶಾಯಿಯ ಬಗ್ಗೆ ಬರೆದ ಪುಟಕ್ಕೆ ಇಂದಿಗೂ ಜಾಹೀರಾತಿಲ್ಲದೆ ಜನ ಬರುತ್ತಾರೆ.

ಮಾರ್ಕೆಟ್‌ಪ್ಲೇಸಿಗೆ ಈ ತೊಂದರೆಯಿಲ್ಲ. ಲಿಸ್ಟಿಂಗ್ ಹಾಕಿದ ಆರನೆಯ ದಿನ ಮೊದಲ ಆರ್ಡರ್ ಬಂದಿತ್ತು. ಆದರೆ ಆ ಜನ ಅಂಗಡಿಗೆ ಬಂದವರಲ್ಲ, ಸಂತೆಗೆ ಬಂದವರು. ಸಂತೆಯ ಯಜಮಾನರು ನನ್ನ ಜಾಗವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಹದಿನಾಲ್ಕನೆಯ ತಿಂಗಳು ಅದು ಆಯಿತು. ವಿವರಣೆಯಲ್ಲಿ, ಈ ಹೊದಿಕೆಗೆ ಇಂಥ ಕಂಪನಿಯ ರೀಫಿಲ್ ಕೂಡ ಸರಿಹೊಂದುತ್ತದೆ ಎಂದು ಬರೆದಿದ್ದೆ. ಬೇರೆಯವರ ಟ್ರೇಡ್‌ಮಾರ್ಕ್ ಬಳಸಿದ್ದೀರಿ ಎಂಬ ಸ್ವಯಂಚಾಲಿತ ಸಂದೇಶದೊಂದಿಗೆ ಲಿಸ್ಟಿಂಗ್ ಮರೆಯಾಯಿತು. ಆ ವಾಕ್ಯವನ್ನು ಅಂದೇ ತೆಗೆದು ಮನವಿ ಕಳುಹಿಸಿದರೂ ಮರಳಿ ಬರಲು 11 ದಿನ ಹಿಡಿಯಿತು. ಮರಳಿ ಬಂದಾಗ ವಿಮರ್ಶೆಗಳು ಹಾಗೆಯೇ ಇದ್ದವು, ಆದರೆ ಹುಡುಕಾಟದಲ್ಲಿದ್ದ ಸ್ಥಾನ ಇರಲಿಲ್ಲ. ಮೊದಲ ಪುಟದಿಂದ ನಾಲ್ಕನೆಯದಕ್ಕೆ ಇಳಿದಿತ್ತು, ಮತ್ತೆ ಮೇಲೇರಲು ಜಾಹೀರಾತಿನ ಖರ್ಚನ್ನು ಎರಡು ತಿಂಗಳು ದುಪ್ಪಟ್ಟು ಮಾಡಬೇಕಾಯಿತು. ತಪ್ಪು ನನ್ನದೂ ಇತ್ತು ಎಂದು ಒಪ್ಪುತ್ತೇನೆ. ಒಂದು ವಾಕ್ಯಕ್ಕೆ 11 ದಿನದ ಮಾರಾಟ ತೆತ್ತದ್ದನ್ನು ಮಾತ್ರ ಇನ್ನೂ ಒಪ್ಪಲಾಗುತ್ತಿಲ್ಲ.

ದರಗಳೂ ಹೀಗೆಯೇ ನಮ್ಮ ಕೈಯಲ್ಲಿ ಇರುವುದಿಲ್ಲ. ಕೈಕಸುಬಿನ ಸರಕುಗಳ ಮಾರ್ಕೆಟ್‌ಪ್ಲೇಸಾದ ಎಟ್ಸಿ 2022ರ ಏಪ್ರಿಲ್‌ನಲ್ಲಿ ತನ್ನ ವಹಿವಾಟು ಶುಲ್ಕವನ್ನು ಶೇ 5ರಿಂದ ಶೇ 6.5ಕ್ಕೆ ಏರಿಸಿದಾಗ ಬಹಳಷ್ಟು ಮಾರಾಟಗಾರರು ಪ್ರತಿಭಟಿಸಿದರು, ಏರಿಕೆ ಉಳಿಯಿತು.

ಸ್ವಂತ ಅಂಗಡಿಯಲ್ಲಿ ಹಿಡಿತವಿದೆ, ನಿಜ. ಆದರೆ ಕೆಟ್ಟದ್ದನ್ನು ಕಂಡುಹಿಡಿಯುವ ಹೊಣೆಯೂ ನಮ್ಮದೇ. ಒಂದು ಶನಿವಾರ ಪ್ಲಗಿನ್ ಅಪ್‌ಡೇಟ್ ಆದ ಮೇಲೆ, ಹಣ ಸಂದಾಯವಾಗಿದೆ ಎಂದು ಗೇಟ್‌ವೇ ಅಂಗಡಿಗೆ ತಿಳಿಸುವ ವೆಬ್‌ಹುಕ್ ನಿಂತುಹೋಯಿತು. ಗ್ರಾಹಕರ ಹಣ ಕಡಿತವಾಗುತ್ತಿತ್ತು, ನನ್ನ ಪಟ್ಟಿಯಲ್ಲಿ ಆರ್ಡರ್ ಮಾತ್ರ `Pending payment` ಎಂದೇ ಕೂತಿರುತ್ತಿತ್ತು, ನನಗೆ ಇಮೇಲ್ ಬರುತ್ತಿರಲಿಲ್ಲ. ಮಂಗಳವಾರ ಒಬ್ಬ ಗ್ರಾಹಕಿ ತಮ್ಮ ಪಾರ್ಸೆಲ್ ಎಲ್ಲಿ ಎಂದು ಕೇಳಿ ಬರೆದಾಗಲೇ ಐದು ಆರ್ಡರುಗಳು ಹೀಗೆ ಸಿಕ್ಕಿಬಿದ್ದಿರುವುದು ಗೊತ್ತಾದದ್ದು. ಅಂದಿನಿಂದ ಪ್ರತಿ ಅಪ್‌ಡೇಟ್ ಆದ ಮೇಲೆ ಅತಿ ಅಗ್ಗದ ಸರಕೊಂದನ್ನು ನಾನೇ ನಿಜವಾದ ಹಣ ಕೊಟ್ಟು ಕೊಂಡು, ಆರ್ಡರ್ `Processing` ಎಂದಾಗುವುದನ್ನು ಕಣ್ಣಾರೆ ನೋಡಿ, ಆಮೇಲೆ ಹಣ ಹಿಂತಿರುಗಿಸಿಕೊಳ್ಳುತ್ತೇನೆ. ವಾರಕ್ಕೊಮ್ಮೆ ಗೇಟ್‌ವೇಯ ಪಟ್ಟಿಯನ್ನೂ ಅಂಗಡಿಯ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುತ್ತೇನೆ.

ಗ್ರಾಹಕರ ವಿಳಾಸದ ವಿಷಯವೇ ಈ ಹೋಲಿಕೆಯಲ್ಲಿ ನನ್ನನ್ನು ಸ್ವಂತ ಅಂಗಡಿಯ ಕಡೆ ಎಳೆದದ್ದು. ಮಾರ್ಕೆಟ್‌ಪ್ಲೇಸ್ ಕೊಡುವುದು ಮರೆಮಾಚಿದ ಇಮೇಲ್ ಮಾತ್ರ. ಅದಕ್ಕೆ ಆರ್ಡರಿಗೆ ಸಂಬಂಧಿಸಿದ್ದನ್ನು ಬಿಟ್ಟು ಬೇರೇನೂ ಬರೆಯುವಂತಿಲ್ಲ. ಪಾರ್ಸೆಲ್ ಒಳಗೆ ನನ್ನ ಅಂಗಡಿಗೆ ಬನ್ನಿ ಎಂಬ ಚೀಟಿ ಇಡುವುದೂ ನಿಷಿದ್ಧ, ಸಿಕ್ಕಿಬಿದ್ದರೆ ಖಾತೆಗೇ ಸಂಚಕಾರ. ಸ್ವಂತ ಅಂಗಡಿಯಲ್ಲಿ ಕೊಂಡವರಲ್ಲಿ ಒಪ್ಪಿಗೆ ಕೊಟ್ಟವರಿಗೆ ಮೂರು ತಿಂಗಳಿಗೆ ಒಂದು ಇಮೇಲ್ ಹೋಗುತ್ತದೆ, ಏಕೆಂದರೆ ದಿನವೂ ಬರೆಯುವವರ ರೀಫಿಲ್ ಕಟ್ಟು ಅಷ್ಟರಲ್ಲಿ ಮುಗಿಯುತ್ತದೆ. ಕಳೆದ ಆರು ತಿಂಗಳ ಸರಾಸರಿಯಲ್ಲಿ ತಿಂಗಳಿಗೆ 30 ಆರ್ಡರ್ ಬಂದಿವೆ, ಅವುಗಳಲ್ಲಿ 14 ಹಳಬರದು. ಮೇಲಿನ ಲೆಕ್ಕಕ್ಕೆ ಇದನ್ನು ಹಾಕಿದರೆ ಆರ್ಡರಿಗೆ ಸುಮಾರು 21 ಬರುತ್ತದೆ. 24ಕ್ಕೆ ಹೋಲಿಸಿದರೆ ಉಳಿತಾಯ ಬರೀ 3. ಹದಿನೆಂಟು ತಿಂಗಳ ದುಡಿಮೆಗೆ ಇದು ದೊಡ್ಡದಲ್ಲ, ಮತ್ತು ಅಂಗಡಿ ನೋಡಿಕೊಳ್ಳಲು ವಾರಕ್ಕೆ ಹೋಗುವ ನಾಲ್ಕೈದು ಗಂಟೆಗಳನ್ನು ನಾನು ಇದರಲ್ಲಿ ಎಣಿಸಿಯೇ ಇಲ್ಲ.

ಆದ್ದರಿಂದ ಈಗ ನನ್ನ ವಿಂಗಡಣೆ ಹೀಗಿದೆ. ಹೊದಿಕೆಗಳು ಎರಡೂ ಕಡೆ ಒಂದೇ ಬೆಲೆಗೆ ಇವೆ. ಬೇರೆಡೆ ಕಡಿಮೆ ಬೆಲೆ ಕಂಡರೆ ಕೆಲವು ಮಾರ್ಕೆಟ್‌ಪ್ಲೇಸುಗಳು ಲಿಸ್ಟಿಂಗನ್ನು ಹಿಂದಕ್ಕೆ ತಳ್ಳುವುದರಿಂದ ಸ್ವಂತ ಅಂಗಡಿಯಲ್ಲಿ ಬೆಲೆ ಇಳಿಸುವ ಗೋಜಿಗೆ ಹೋಗಿಲ್ಲ. ರೀಫಿಲ್‌ಗಳ ಮೂರರ ಕಟ್ಟು ಎರಡೂ ಕಡೆ ಸಿಗುತ್ತದೆ, ಆದರೆ ಆರರ ಕಟ್ಟು ಮತ್ತು ಕಾಗದದ ಬಗೆಯನ್ನು ಆರಿಸಿಕೊಳ್ಳುವ ಅವಕಾಶ ಸ್ವಂತ ಅಂಗಡಿಯಲ್ಲಿ ಮಾತ್ರ. ಜಾಹೀರಾತಿನ ಹಣವನ್ನು ಹೊದಿಕೆಗೆ ಮಾತ್ರ ಹಾಕುತ್ತೇನೆ. ಒಮ್ಮೆ ಮಾತ್ರ ಕೊಳ್ಳುವ, ರೀಫಿಲ್ ಇಲ್ಲದ ಸರಕನ್ನು ನಾನು ಮಾರುತ್ತಿದ್ದಿದ್ದರೆ, ಡೊಮೇನ್ ಹೆಸರೊಂದನ್ನು ಕೊಂಡಿಡುತ್ತಿದ್ದೆ, ಅಂಗಡಿಯನ್ನು ಮಾತ್ರ ಇನ್ನೂ ತೆರೆಯುತ್ತಿರಲಿಲ್ಲ.