ಎಂಗಲ್ಫಿಂಗ್, ಹ್ಯಾಮರ್, ಡೋಜಿ: ಯಾವುದಕ್ಕೆ ಎಷ್ಟು ಬೆಲೆ?

ಷೇರು ಚಾರ್ಟ್‌ನಲ್ಲಿ ಬೆಲೆಯ ದಿಕ್ಕು ಬದಲಾಗಬಹುದೆಂದು ಸೂಚಿಸುವ ಈ ಮೂರು ಕ್ಯಾಂಡಲ್ ಮಾದರಿಗಳಲ್ಲಿ ಡೋಜಿಯೇ ದುರ್ಬಲ; ಆರಂಭ ಮತ್ತು ಮುಕ್ತಾಯದ ಬೆಲೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅದು ಅನಿಶ್ಚಿತತೆಯನ್ನು ತೋರಿಸುತ್ತದೆಯೇ ಹೊರತು ದಿಕ್ಕನ್ನಲ್ಲ. ಎಂಗಲ್ಫಿಂಗ್‌ನಲ್ಲಿ ಎರಡನೆಯ ಕ್ಯಾಂಡಲ್‌ನ ಬಾಡಿ, ಅಂದರೆ ಆರಂಭ ಮತ್ತು ಮುಕ್ತಾಯದ ಬೆಲೆಗಳ ನಡುವಿನ ಭಾಗ, ಹಿಂದಿನದರ ಬಾಡಿಯನ್ನು ಪೂರ್ತಿ ಆವರಿಸುವುದರಿಂದ ಸೂಚನೆ ಸ್ಪಷ್ಟವಾಗಿರುತ್ತದೆ, ಆದರೆ ಕ್ಯಾಂಡಲ್ ಉದ್ದವಾದಷ್ಟೂ ಸ್ಟಾಪ್‌ಲಾಸ್, ಅಂದರೆ ನಷ್ಟ ಹೆಚ್ಚದಂತೆ ಹೊರಬರುವ ಬೆಲೆ, ದೂರ ಸರಿಯುತ್ತದೆ.

ಸಂದರ್ಭದ ಮಹತ್ವ ಹ್ಯಾಮರ್‌ನಲ್ಲಿ ಚೆನ್ನಾಗಿ ಕಾಣುತ್ತದೆ. 500 ರೂಪಾಯಿಯಿಂದ ಇಳಿಯುತ್ತಾ ಬಂದ ಷೇರೊಂದು, ಹಿಂದೆ ಎರಡು ಬಾರಿ ಬೆಂಬಲ ಸಿಕ್ಕಿದ್ದ 400ರ ಬಳಿ, 412ಕ್ಕೆ ತೆರೆದು, 398ಕ್ಕೆ ಕುಸಿದು, 416ರವರೆಗೆ ಏರಿ 415ಕ್ಕೆ ಮುಗಿಯಿತೆನ್ನೋಣ. ಬಾಡಿ 3 ರೂಪಾಯಿ, ಕೆಳಗಿನ ನೆರಳು, ಅಂದರೆ ಬಾಡಿಯಿಂದ 398ರವರೆಗಿನ ಗೆರೆ, 14: ಇದು ಗಮನಿಸಬೇಕಾದ ಹ್ಯಾಮರ್. ಮರುದಿನ 416ರ ಮೇಲೆ ಮುಗಿದರೆ ಖರೀದಿಗೆ ಆಧಾರವಿದೆ. 398ರ ಕೆಳಗೆ ಹೋದರೆ ಲೆಕ್ಕ ತಪ್ಪಿತು. ಇದೇ ಆಕಾರ ದೀರ್ಘ ಏರಿಕೆಯ ತುದಿಯಲ್ಲಿ ಬಂದರೆ ಅದು ಹ್ಯಾಂಗಿಂಗ್ ಮ್ಯಾನ್, ಅಂದರೆ ಎಚ್ಚರಿಕೆ. ಬೆಲೆ ಸ್ಪಷ್ಟ ದಿಕ್ಕಿಲ್ಲದೆ ಒಂದೇ ವ್ಯಾಪ್ತಿಯಲ್ಲಿ ಓಡಾಡುವಾಗ ಈ ಮೂರರಲ್ಲಿ ಯಾವುದು ಬಂದರೂ ಕೈಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.