ಒಂದೇ ಪದ, ಬೇರೆ ಬೇರೆ ಅರಬಿ ನಿಘಂಟು: ಎಲ್ಲಿ ಹುಡುಕಿದರೆ ಏನು ಸಿಗುತ್ತದೆ?

ಕುರ್‌ಆನಿನ 80ನೇ ಸೂರಾದ 31ನೇ ವಚನ ತುಂಬಾ ಚಿಕ್ಕದು: ‘ವ ಫಾಕಿಹತನ್ ವ ಅಬ್ಬನ್’. ಭೂಮಿಯಿಂದ ಏನೇನು ಬೆಳೆಸಿದೆವು ಎಂದು ಹೇಳುತ್ತಾ ಹೋಗುವ ಪಟ್ಟಿಯ ಕೊನೆ ಅದು. ಫಾಕಿಹ ಅಂದರೆ ಹಣ್ಣು, ಅದರಲ್ಲಿ ತಕರಾರಿಲ್ಲ. ‘ಅಬ್ಬ್’ ಮಾತ್ರ ಇಡೀ ಕುರ್‌ಆನಿನಲ್ಲಿ ಈ ಒಂದು ಕಡೆ ಬಿಟ್ಟರೆ ಮತ್ತೆಲ್ಲೂ ಬರುವುದಿಲ್ಲ. ಖಲೀಫ ಉಮರ್ ಇದನ್ನು ಓದಿ, “ಹಣ್ಣು ಗೊತ್ತು, ಈ ಅಬ್ಬ್ ಯಾವುದು?” ಅಂದರೆಂದು ಹಳೆಯ ವರದಿಯೊಂದು ಹೇಳುತ್ತದೆ. ಅರಬಿ ಮನೆಮಾತಾಗಿದ್ದವರಿಗೇ ಹೀಗಾದರೆ ನಮ್ಮ ಪಾಡೇನು!

ಹಾಗಾಗಿ ಹಳೆಯ ನಿಘಂಟುಗಳನ್ನು ಹೋಲಿಸಲು ನಾನು ಆರಿಸಿಕೊಂಡದ್ದು ಇದೇ ಪದವನ್ನು. ಅರಬಿ ನಿಘಂಟಿನಲ್ಲಿ ಪದವನ್ನು ಹುಡುಕುವುದು ಧಾತುವಿನಿಂದ, ಅಂದರೆ ಅದರ ಮೂಲದಲ್ಲಿರುವ ಸಾಮಾನ್ಯವಾಗಿ ಮೂರು ಅಕ್ಷರಗಳಿಂದ. ಇದರ ಧಾತು ಅಲಿಫ್-ಬಾ-ಬಾ. ಕನ್ನಡ ನಿಘಂಟು ನೋಡಿ ಅಭ್ಯಾಸವಿರುವವರು ಮೊದಲ ಪುಟದಲ್ಲೇ ಇರುತ್ತದೆ ಅಂದುಕೊಳ್ಳುತ್ತಾರೆ, ಅಲ್ವಾ? ಅದು ನೀವು ಯಾವ ನಿಘಂಟು ಕೈಗೆತ್ತಿಕೊಂಡಿರಿ ಎನ್ನುವುದರ ಮೇಲಿದೆ.

ಮೊದಲು ಎಲ್ಲಕ್ಕಿಂತ ಹಳೆಯದು, ‘ಕಿತಾಬ್ ಅಲ್-ಐನ್’. ಇದರ ಯೋಜನೆ 8ನೇ ಶತಮಾನದಲ್ಲಿ ಬಸ್ರಾದಲ್ಲಿದ್ದ ಖಲೀಲ್ ಇಬ್ನ್ ಅಹ್ಮದ್ ಅವರದು. ಪುಸ್ತಕವನ್ನು ಪೂರ್ತಿ ಮಾಡಿದವರು ಅವರ ಶಿಷ್ಯ ಲೈತ್ ಅನ್ನುತ್ತಾರೆ. ಖಲೀಲ್ ಅಕ್ಷರಗಳನ್ನು ಅಲಿಫ್, ಬಾ, ತಾ ಅಂತ ಜೋಡಿಸಲಿಲ್ಲ. ಬಾಯಿ ತೆರೆದು ಒಂದು ‘ಅ’ ಹಚ್ಚಿ, ಅಬ್, ಅತ್, ಅಹ್ ಎಂದು ಪ್ರತಿ ಅಕ್ಷರವನ್ನೂ ನುಡಿದು ನೋಡಿದರು. ಸದ್ದು ಎಲ್ಲಿ ಹುಟ್ಟುತ್ತದೋ ಅದೇ ಅವರ ಕ್ರಮ. ಗಂಟಲ ಆಳದ ಐನ್ ಮೊದಲು, ತುಟಿಯ ಫಾ, ಬಾ, ಮೀಮ್ ಕೊನೆಗೆ. ಕವರ್ಗದಿಂದ ಪವರ್ಗಕ್ಕೆ ಬರುವ ನಮ್ಮ ವರ್ಣಮಾಲೆಯೂ ಹೀಗೇ ಗಂಟಲಿಂದ ತುಟಿಗೆ ಬರುತ್ತದೆ. ಭಾರತದ ಪ್ರಭಾವ ಇರಬಹುದು ಎಂದು ಊಹಿಸಿದ ವಿದ್ವಾಂಸರಿದ್ದಾರೆ. ಆದರೆ ಅದನ್ನು ಯಾರೂ ಸಾಬೀತು ಮಾಡಿಲ್ಲ. ಬಾಯಿ ಎಲ್ಲರಿಗೂ ಒಂದೇ ಥರ ಇರುವಾಗ ಇಬ್ಬರಿಗೆ ಒಂದೇ ಯೋಚನೆ ಬರುವುದರಲ್ಲಿ ಆಶ್ಚರ್ಯವೇನೂ ಇಲ್ಲ ಎಂದು ನನ್ನ ಅನಿಸಿಕೆ.

ಇನ್ನೊಂದು ತಿರುವು ಇದೆ. ಮೂರು ಅಕ್ಷರಗಳನ್ನು ಆರು ರೀತಿ ಅದಲುಬದಲು ಮಾಡಬಹುದು. ಆ ಆರನ್ನೂ ಖಲೀಲ್ ಒಂದೇ ಕಡೆ ಇಟ್ಟು, ಯಾವುದು ಬಳಕೆಯಲ್ಲಿದೆ, ಯಾವುದು ಇಲ್ಲ ಎಂದು ಗುರುತಿಸಿದರು. ಕಾಫ್, ತಾ, ಬಾ ತೆಗೆದುಕೊಳ್ಳಿ. ಮೂರರಲ್ಲಿ ಆಳದ್ದು ಕಾಫ್, ಹಾಗಾಗಿ ಕಾಫ್ ಅಧ್ಯಾಯಕ್ಕೆ ಹೋಗಬೇಕು. ಅಲ್ಲಿ ಬರೆಯುವ ‘ಕತಬ್’ ಜೊತೆಗೆ ಮಣ್ಣುಮುಕ್ಕಿಸುವ ‘ಕಬ್ತ್’, ಗದರುವ ‘ಬಕ್ತ್’, ಕತ್ತರಿಸುವ ‘ಬತ್ಕ್’ ಎಲ್ಲಾ ಸಿಗುತ್ತವೆ. ಈ ಬತ್ಕ್ ಕೂಡ ಕುರ್‌ಆನಿನಲ್ಲಿ ಅಪರೂಪಕ್ಕೆ ಬರುವ ಪದ: 4ನೇ ಸೂರಾದಲ್ಲಿ ಜಾನುವಾರುಗಳ ಕಿವಿ ಸೀಳುವ ಮಾತು ಬರುವಲ್ಲಿ. ಹುಡುಕಿದ್ದು ಒಂದು, ಸಿಕ್ಕಿದ್ದು ನಾಲ್ಕು. ಓದುವ ಖುಷಿಗೆ ಇದರಷ್ಟು ಒಳ್ಳೆಯ ನಿಘಂಟು ಇಲ್ಲ.

ಅವಸರದಲ್ಲಿ ಹುಡುಕುವವನಿಗೆ ಮಾತ್ರ ತಲೆಬಿಸಿ. ನಮ್ಮ ‘ಅಬ್ಬ್’ ಎಲ್ಲಿದೆ ನೋಡಿ. ಅಲಿಫ್ ಎಂದು ಬರೆದರೂ ಅದರ ಮೊದಲ ಸದ್ದು ಹಮ್ಜ. ಅದು ನಿಂತಲ್ಲಿ ನಿಲ್ಲದ ಸದ್ದು ಎಂದು ಖಲೀಲ್ ಅದನ್ನು ವಾವ್, ಯಾ ಜೊತೆ ಕೊನೆಗೆ ತಳ್ಳಿದ್ದರು. ಉಳಿದದ್ದು ಬಾ, ಅದೂ ತುಟಿಯ ಅಕ್ಷರ. ಹೀಗಾಗಿ ಎಂಟು ಸಂಪುಟಗಳ ಮುದ್ರಣದಲ್ಲಿ ಪದ ಸಿಗುವುದು ಎಂಟನೆಯದರಲ್ಲಿ! ಕೊಟ್ಟ ಅರ್ಥವೂ ಚುಟುಕು: ಮೇವು, ಹುಲ್ಲು.

10ನೇ ಶತಮಾನದ ಇಬ್ನ್ ದುರೈದ್ ‘ಜಮ್ಹರ’ ಬರೆಯುವಾಗ ಜನಕ್ಕೆ ಗೊತ್ತಿರುವ ಅಲಿಫ್-ಬಾ-ತಾ ಕ್ರಮಕ್ಕೆ ಮರಳಿದರು. ಅಲ್ಲಿ ‘ಅಬ್ಬ್’ ಶುರುವಿಗೇ ಸಿಗುತ್ತದೆ. ಆದರೆ ಅದಲುಬದಲಿನ ಆಟವನ್ನು ಅವರು ಬಿಡಲಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಿದೆ. ಉದ್ದದ ಪದಗಳಿಗೆ ನಾನು ಇದನ್ನು ತೆರೆಯುವುದಿಲ್ಲ.

ಇನ್ನು ಶತಮಾನಗಟ್ಟಲೆ ಗೆದ್ದು ನಿಂತ ಕ್ರಮಕ್ಕೆ ಬರೋಣ. ಸುಮಾರು 1000ದ ಹೊತ್ತಿಗೆ ಜೌಹರಿ ‘ಸಿಹಾಹ್’ ನಿಘಂಟಿನಲ್ಲಿ ಧಾತುವಿನ ಕೊನೆಯ ಅಕ್ಷರಕ್ಕೆ ಅಧ್ಯಾಯ, ಅದರೊಳಗೆ ಮೊದಲ ಅಕ್ಷರಕ್ಕೆ ವಿಭಾಗ ಎಂದು ಮಾಡಿದರು. ಅಬ್ಬ್ ಬೇಕಾದರೆ ಬಾ ಅಧ್ಯಾಯ, ಹಮ್ಜ ವಿಭಾಗ. 1311ರಲ್ಲಿ ತೀರಿಕೊಂಡ ಇಬ್ನ್ ಮನ್ಜೂರ್ ತಮ್ಮ ದೈತ್ಯ ‘ಲಿಸಾನ್ ಅಲ್-ಅರಬ್’ಗೂ ಇದನ್ನೇ ಹಿಡಿದರು. ಕೊನೆಯಿಂದ ಯಾಕೆ? ಅರಬಿ ಕವಿತೆಯ ಪ್ರಾಸ ಸಾಲಿನ ತುದಿಯಲ್ಲಿರುತ್ತದೆ, ಕವಿಗಳಿಗೆ ಅನುಕೂಲವಾಗಲಿ ಅಂತ ಎಂದು ಕೆಲವರು ಹೇಳುತ್ತಾರೆ. ಪದಗಳು ರೂಪ ಬದಲಿಸುವಾಗ ಮುಂದುಗಡೆ ಏನೇನೋ ಅಂಟಿಕೊಳ್ಳುತ್ತದೆ, ಕೊನೆಯ ಅಕ್ಷರ ಸಾಮಾನ್ಯವಾಗಿ ಅಲುಗುವುದಿಲ್ಲ ಎನ್ನುವುದು ಇನ್ನೊಂದು ಕಾರಣ. ಬಳಸಿ ನೋಡಿದ ಮೇಲೆ ಎರಡನೆಯದೇ ನನಗೆ ಸರಿ ಕಾಣುತ್ತದೆ. ‘ತಖವ್ವುಫ್’ ಎಂಬ ಪದ ಕಂಡಾಗ ಮುಂದಿನ ತಾ ಧಾತುವಿನದೋ ಅಲ್ಲವೋ ಎಂದು ಯೋಚಿಸದೆ ನೇರ ಫಾ ಅಧ್ಯಾಯಕ್ಕೆ ಹೋಗಬಹುದು.

ಕೈಕೊಡುವುದು ಕೊನೆಯ ಅಕ್ಷರವೇ ಉದುರಿಹೋದಾಗ. 70ನೇ ಸೂರಾದಲ್ಲಿ ‘ಇಝೀನ್’ ಎಂಬ ಪದವಿದೆ, ಗುಂಪುಗುಂಪಾಗಿ ಎಂದರ್ಥ. ಏಕವಚನ ‘ಇಝ’. ಕಣ್ಣಿಗೆ ಕಾಣುವುದು ಐನ್ ಮತ್ತು ಝಾ ಮಾತ್ರ. ಮೂರನೆಯದು ಬಿದ್ದುಹೋದ ವಾವ್ ಎಂದು ಗೊತ್ತಿಲ್ಲದವನು ನೂನ್ ಅಧ್ಯಾಯದಲ್ಲಿ ಸುಮ್ನೆ ಅಲೆಯುತ್ತಾನೆ. ಇಂಥ ಕಡೆ ಮೊದಲ ಅಕ್ಷರದ ಕ್ರಮವೇ ವಾಸಿ. 1144ರಲ್ಲಿ ತೀರಿಕೊಂಡ ಜಮಖ್ಶರಿಯ ‘ಅಸಾಸ್ ಅಲ್-ಬಲಾಗ’ ಹಾಗೆ ಜೋಡಿಸಿದ ಪುಸ್ತಕ. ‘ಅಬ್ಬ್’ ಇಲ್ಲಿ ಬಾಗಿಲಲ್ಲೇ ಸಿಗುತ್ತದೆ. ಜೊತೆಗೆ ಒಂದು ಸೊಗಸಾದ ಬಳಕೆ: ‘ರಾಅ ಲಹುಲ್ ಹಬ್ಬ್, ವ ತಾಅ ಲಹುಲ್ ಅಬ್ಬ್’. ಅವನ ಕಾಳು ಹುಲುಸಾಯಿತು, ಮೇವು ವಿಶಾಲವಾಯಿತು ಎಂದು. ಪದ ಬಾಯಲ್ಲಿ ಹೇಗೆ ಆಡುತ್ತದೆ ಎಂದು ತೋರಿಸುವುದರಲ್ಲಿ ಅಸಾಸ್ ಮುಂದು. ಆದರೆ ವಾದಕ್ಕೆ ನಿಂತಾಗ ಇದು ಸಾಲದು, ಸಾಕ್ಷಿ ಬೇಕು. ಅದಕ್ಕೆ ಲಿಸಾನೇ ಗತಿ.

ಸಾಕ್ಷಿ ಅಂದರೆ ಇಲ್ಲಿ ಪದ್ಯ. ಲಿಸಾನಿನಲ್ಲಿ ಅಬ್ಬ್ ಅಡಿಯಲ್ಲಿ ಕುರ್‌ಆನಿನ ವಚನ, ಹಳೆಯ ವ್ಯಾಖ್ಯಾನಕಾರರ ಮಾತು, ಉಮರ್ ಅವರ ಪ್ರಶ್ನೆ ಎಲ್ಲಾ ಒಟ್ಟಿಗಿವೆ. ನಡುವೆ ಈ ಸಾಲು: “ನಮ್ಮ ಬುಡ ಕೈಸ್, ನಜ್ದ್ ನಮ್ಮ ಮನೆ, ಅಲ್ಲಿ ಅಬ್ಬ್ ನಮ್ಮದು, ನೀರಿನ ತಾಣವೂ ನಮ್ಮದು.” ಕೈಸ್ ಒಂದು ಬುಡಕಟ್ಟು, ನಜ್ದ್ ಅರೇಬಿಯದ ಒಳನಾಡು. ದನಕರು ಕಟ್ಟಿಕೊಂಡವನ ಹೆಮ್ಮೆ ಅದು. ನೀರಿನ ಪಕ್ಕದಲ್ಲಿ ಇಟ್ಟಿರುವುದು ಮೇವನ್ನೇ ಎಂದು ಥಟ್ಟನೆ ಹೊಳೆಯುತ್ತದೆ. ಕುರ್‌ಆನಿನ ಮುಂದಿನ ವಚನವೂ “ನಿಮಗೂ ನಿಮ್ಮ ಜಾನುವಾರುಗಳಿಗೂ” ಎನ್ನುತ್ತದೆ: ಹಣ್ಣು ನಮಗೆ, ಅಬ್ಬ್ ಅವಕ್ಕೆ. ಎರಡು ದಾರಿಯಿಂದ ಬಂದ ಅರ್ಥ ಒಂದೇ ಆಗಿದೆ. ಆದರೆ ಪದ್ಯದ ಕವಿಗೆ ಹೆಸರಿಲ್ಲ, ಸುಮ್ನೆ ‘ಕವಿ ಹೇಳಿದ’ ಅಷ್ಟೇ. ಸಾಕ್ಷಿಯ ಬಲ ಅಷ್ಟಕ್ಕೆ ಕಡಿಮೆ. ಅಬ್ಬ್ ಅರಾಮಾಯಿಕ್ ಕಡೆಯಿಂದ ಬಂದ ಪದ ಎಂದು ವಾದಿಸಿದ ಆಧುನಿಕ ವಿದ್ವಾಂಸರೂ ಇದ್ದಾರೆ. ಆ ಚರ್ಚೆಗೆ ಹಳೆಯ ನಿಘಂಟುಗಳಲ್ಲಿ ಜಾಸ್ತಿ ಸಹಾಯ ಸಿಗುವುದಿಲ್ಲ.

ಪದ್ಯದಿಂದ ಅರ್ಥ ಹೇಗೆ ಹೊರಬರುತ್ತದೆ ಎಂದು ನೋಡಲು ‘ತಖವ್ವುಫ್’ ಇನ್ನೂ ಒಳ್ಳೆಯ ಉದಾಹರಣೆ. 16ನೇ ಸೂರಾದ 47ನೇ ವಚನದಲ್ಲಿ ದೇವರು ಜನರನ್ನು ‘ತಖವ್ವುಫ್ ಮೇಲೆ’ ಹಿಡಿಯಬಹುದು ಎಂದಿದೆ. ‘ಖೌಫ್’ ಅಂದರೆ ಭಯ, ಹಾಗಾಗಿ ಹೆದರಿಸಿ ಹಿಡಿಯುವುದು ಎಂದು ಯಾರಾದರೂ ಹೇಳಿಯಾರು. ಉಮರ್ ಜನರನ್ನೇ ಕೇಳಿದರಂತೆ, ಯಾರೂ ಮಾತಾಡಲಿಲ್ಲ. ಕೊನೆಗೆ ಹುದೈಲ್ ಬುಡಕಟ್ಟಿನ ಮುದುಕನೊಬ್ಬ ಎದ್ದು, “ಇದು ನಮ್ಮ ಮಾತು. ಸ್ವಲ್ಪ ಸ್ವಲ್ಪವೇ ಕಮ್ಮಿ ಮಾಡುವುದು” ಅಂದ. ಉಮರ್ ಅಷ್ಟಕ್ಕೇ ಒಪ್ಪಲಿಲ್ಲ: “ಅರಬರ ಪದ್ಯದಲ್ಲಿ ಇದೆಯೇ?” ಮುದುಕ ಒಂದು ಸಾಲು ಹೇಳಿದ. ದೂರ ಪಯಣಿಸಿದ ಹೆಣ್ಣೊಂಟೆಯ ಬಣ್ಣನೆ ಅದು. ಎತ್ತರದ, ಉಣ್ಣೆ ಗಂಟುಗಟ್ಟಿದ ಡುಬ್ಬವನ್ನು ಜೀನು ‘ತಖವ್ವಫ’ ಮಾಡಿತು, ಬಿಲ್ಲಿನ ಮರದ ಕೊಂಬೆಯನ್ನು ಹೆರೆಯುವ ಹತಾರ ‘ತಖವ್ವಫ’ ಮಾಡಿದ ಹಾಗೆ. ಈ ಸಾಲಿನಲ್ಲಿ ‘ಹೆದರಿಸು’ ಎಂದು ಹಾಕಿ ನೋಡಿ, ನಿಲ್ಲುವುದಿಲ್ಲ. ಹತಾರ ಮರವನ್ನು ಹೆದರಿಸುವುದಿಲ್ಲ, ಪದರ ಪದರವಾಗಿ ಸವೆಸುತ್ತದೆ. ವಚನದ ಅರ್ಥವೂ ಬದಲಾಯಿತು: ಒಮ್ಮೆಲೇ ಅಲ್ಲ, ಸವೆಸುತ್ತಾ ಸವೆಸುತ್ತಾ ಹಿಡಿಯುವುದು. ಒಳ್ಳೆಯ ಸಾಕ್ಷಿಪದ್ಯ ಮಾಡುವ ಕೆಲಸ ಇದು, ಬೇರೆ ಅರ್ಥಕ್ಕೆ ಜಾಗವನ್ನೇ ಬಿಡುವುದಿಲ್ಲ.

ಅದೇ ಪದ್ಯದಲ್ಲಿ ತೊಡಕೂ ಇದೆ. ಇದನ್ನು ಹುದೈಲ್‌ನ ಅಬೂ ಕಬೀರ್ ಬರೆದದ್ದು ಅನ್ನುವವರಿದ್ದಾರೆ, ಇಬ್ನ್ ಮುಕ್ಬಿಲ್ ಬರೆದದ್ದು ಅನ್ನುವವರೂ ಇದ್ದಾರೆ. ಒಂದು ಪಾಠದಲ್ಲಿ ಡುಬ್ಬ ಸವೆಸಿದ್ದು ಜೀನು, ಇನ್ನೊಂದರಲ್ಲಿ ಪಯಣ. ಬಾಯಿಂದ ಬಾಯಿಗೆ ಬಂದ ಪದ್ಯಗಳಲ್ಲಿ ಇದು ಮಾಮೂಲು. ನಮಗೆ ಬೇಕಾದ ಕ್ರಿಯಾಪದ ಎರಡರಲ್ಲೂ ಅಲುಗದೆ ಇದೆಯಲ್ಲ, ಅಷ್ಟು ಸಾಕು.

ಜಾಸ್ತಿ ಹುಷಾರಾಗಿರಬೇಕಾದದ್ದು ‘ನಾಫಿ ಇಬ್ನ್ ಅಲ್-ಅಜ್ರಕ್ ಪ್ರಶ್ನೆಗಳು’ ಎಂಬ ಸಂಗ್ರಹದ ಜೊತೆ. ಇಸ್ಲಾಮಿನ ಶುರುವಿನಲ್ಲೇ ಸಿಡಿದು ಬೇರೆಯಾದ ಖಾರಿಜಿ ಪಂಗಡದ ನಾಯಕ ನಾಫಿ ಒಂದೊಂದೇ ಪದ ಕೇಳುತ್ತಾನೆ, ಪ್ರವಾದಿಯ ಚಿಕ್ಕಪ್ಪನ ಮಗ ಇಬ್ನ್ ಅಬ್ಬಾಸ್ ಅರ್ಥ ಹೇಳುತ್ತಾರೆ. “ಅರಬರಿಗೆ ಇದು ಗೊತ್ತೇ?” “ಹೌದು, ಇಂಥವನ ಪದ್ಯ ಕೇಳಿಲ್ಲವೇ?” ಹೀಗೆ ಹತ್ತಿರಹತ್ತಿರ ಇನ್ನೂರು ಪದ. ನಿಘಂಟಿನ ಯಾವ ಕ್ರಮವೂ ಇಲ್ಲ, ಓದಲು ಮಾತ್ರ ಮಜಾ. ಮೊದಲ ಪ್ರಶ್ನೆಯೇ ‘ಇಝೀನ್’. ಉತ್ತರಕ್ಕೆ ಇಸ್ಲಾಮಿಗೆ ಮೊದಲಿನ ಕವಿ ಅಬೀದ್ ಇಬ್ನ್ ಅಲ್-ಅಬ್ರಸ್ ಹೆಸರಿನ ಸಾಲು: ಜನ ಧಾವಿಸಿ ಬಂದು ಅವನ ‘ಮಿಂಬರ್’ ಸುತ್ತ ಇಝೀನ್ ಆಗಿ ನಿಂತರು. ಮಿಂಬರ್! ಮಸೀದಿಯ ಪೀಠದ ಆ ಪದ ಮರುಭೂಮಿಯ ಹಳೆಯ ಕವಿಯ ಬಾಯಲ್ಲಿ ಬಂದರೆ ಹುಬ್ಬೇರಿಸಲೇಬೇಕು. ಪ್ರಶ್ನೆಗೆ ತಕ್ಕ ಪದ್ಯವನ್ನು ಆಮೇಲೆ ಯಾರೋ ಹೊಸೆದಿರಬಹುದು.

ಹೊಸೆಯುವವರು ಇದ್ದರು ಎನ್ನುವುದು ಹಳೆಯ ಅರಬಿ ವಿದ್ವಾಂಸರಿಗೇ ಗೊತ್ತಿತ್ತು. ಸಾವಿರಾರು ಪದ್ಯ ಬಾಯಿಪಾಠ ಇದ್ದ ಹಮ್ಮಾದ್ ಮೇಲೂ ಖಲಫ್ ಅಲ್-ಅಹ್ಮರ್ ಮೇಲೂ ಆ ಆರೋಪವಿತ್ತು. 1926ರಲ್ಲಿ ಈಜಿಪ್ಟಿನ ತಾಹಾ ಹುಸೇನ್, ಇಸ್ಲಾಮಿಗೆ ಮೊದಲಿನದು ಎನ್ನುವ ಕಾವ್ಯದ ಬಹುಪಾಲು ಆಮೇಲಿನದು ಎಂದು ಬರೆದು ದೊಡ್ಡ ಗಲಾಟೆಯೇ ಆಯಿತು. ನನಗೆ ಆ ತೀರ್ಮಾನ ಅತಿಯಾಯಿತು ಅನ್ನಿಸುತ್ತದೆ. ಒಂಟೆಯ ಡುಬ್ಬ, ಬಿಲ್ಲಿನ ಮರ ಇರುವ ಸಾಲು ವ್ಯಾಕರಣದ ಜಗಳಕ್ಕಾಗಿ ಹೊಸೆದದ್ದರಂತೆ ಕಾಣುವುದಿಲ್ಲ. ಕುರ್‌ಆನಿನ ಪದವನ್ನು ಅದೇ ರೂಪದಲ್ಲಿ, ಪ್ರಾಸದ ತುದಿಯಲ್ಲಿ ತಂದು ಕೂರಿಸಿದ ಸಾಲು ಸಿಕ್ಕರೆ ನಾನು ಅನುಮಾನ ಪಡುತ್ತೇನೆ. ಇಝೀನ್ ಸಾಲು ಅಂಥದ್ದು.

ಈಗ ನಾನು ಹೋಗುವ ದಾರಿ ಹೀಗಿದೆ. ಧಾತು ಗೊತ್ತಿಲ್ಲದಿದ್ದರೆ ಅಸಾಸ್. ಗೊತ್ತಾದ ಮೇಲೆ ಪದ್ಯಕ್ಕಾಗಿ ಲಿಸಾನ್. ಕೈರೋದಲ್ಲಿ ಅದನ್ನೇ ಮೊದಲ ಅಕ್ಷರದ ಕ್ರಮಕ್ಕೆ ತಿರುಗಿಸಿ ಅಚ್ಚುಹಾಕಿದ್ದಾರೆ, ಹೊಸಬರಿಗೆ ಅದು ಸಲೀಸು. ಪದ್ಯಕ್ಕೆ ಕವಿಯ ಹೆಸರಿದ್ದರೆ ಅವನ ದೀವಾನ್, ಅಂದರೆ ಕವಿತೆಗಳ ಸಂಗ್ರಹ, ತೆಗೆದು ಆ ಸಾಲು ನಿಜಕ್ಕೂ ಇದೆಯೇ, ಅದರ ಹಿಂದೆ ಮುಂದೆ ಏನಿದೆ ಎಂದು ನೋಡುತ್ತೇನೆ. ಒಂಟಿ ಸಾಲಾಗಿ ನಿಘಂಟಿನಲ್ಲಿ ಮಾತ್ರ ಬದುಕಿರುವ ಪದ್ಯಕ್ಕೆ ಅರ್ಧ ಬೆಲೆ. ಕೊನೆಗೆ ಐನ್ ತೆಗೆದು, ಆ ಅರ್ಥ ಖಲೀಲ್ ಕಾಲಕ್ಕೇ ಇತ್ತೋ ಇಲ್ಲವೋ ಎಂದು ನೋಡುತ್ತೇನೆ. ಫೋನಿನಲ್ಲಿ ಪದ ಒತ್ತಿದರೆ ಎಲ್ಲಾ ನಿಘಂಟೂ ಒಟ್ಟಿಗೆ ಬರುತ್ತವೆ, ನಿಜ. ಆದರೆ ಹಾಗೆ ಹುಡುಕಿದಾಗ ಕತಬ್ ಪಕ್ಕದಲ್ಲಿ ಬತ್ಕ್ ಸಿಗುವುದಿಲ್ಲ. ಅದಕ್ಕೇ ಐನ್ ಮಾತ್ರ ನಾನು ಈಗಲೂ ಕಾಗದದಲ್ಲೇ ಓದುವುದು.